ಅಣ್ಣನ 60, ತಮ್ಮನ 40, ಗೇಮ್ ಮಾತ್ರ ಒಂದೇ

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಇದು: ಇಬ್ಬರು ದುಡ್ಡು ಸೇರಿಸಿ ಒಂದೇ ಒಂದು ವಸ್ತು ಕೊಳ್ಳುವಾಗ, ಜಾಸ್ತಿ ಹಾಕಿದವನ ಮಾತೇ ನಡೆಯಬೇಕಾ? ಉತ್ತರ ಹೇಳೋಕೆ ಒಂದು ಪುಟ್ಟ ಕಥೆ ಕಟ್ಟಿದ್ದೇನೆ. ನಡುನಡುವೆ ಕಥೆ ನಿಲ್ಲಿಸುತ್ತೇನೆ, ಬೈಕೋಬೇಡಿ.

ಇಬ್ಬರು ಅಣ್ಣತಮ್ಮಂದಿರು. ಪಾಕೆಟ್ ಮನಿ ಕೂಡಿಟ್ಟ ಡಬ್ಬಿ ಸುರಿದು ಎಣಿಸಿದರು. ಕೊಳ್ಳಬೇಕು ಅಂದುಕೊಂಡ ವಿಡಿಯೋ ಗೇಮಿನ ಬೆಲೆ 100 ಅಂತಿಟ್ಟುಕೊಳ್ಳಿ, ಯಾವ ದುಡ್ಡಾದರೂ ಸರಿ. ಡಬ್ಬಿಯಲ್ಲೂ ಸರಿಯಾಗಿ 100. ಅಣ್ಣನದು 60, ತಮ್ಮನದು 40. ಅಣ್ಣನ ಕಣ್ಣು ಒಬ್ಬನೇ ಕೂತು ವಾರಗಟ್ಟಲೆ ಆಡುವ ಸಾಹಸದ ಗೇಮ್ ಮೇಲೆ. ತಮ್ಮನಿಗೆ ಫುಟ್‌ಬಾಲ್ ಗೇಮ್ ಬೇಕು. ಎರಡಕ್ಕೂ ಬೆಲೆ ಒಂದೇ.

[ಪರದೆ ಮೇಲೆ: 60 + 40 = 100]

"ನನ್ನದು 60 ಕಣೋ. ನಾನು ಹೇಳಿದ್ದೇ ಗೇಮ್."

"ಸರಿ ಅಣ್ಣ. ನನ್ನ 40 ವಾಪಸ್ ಕೊಡು."

ಅಣ್ಣ ಸುಮ್ಮನಾದ. ಯಾಕೆ ಸುಮ್ಮನಾದ ಅನ್ನೋದೇ ಇವತ್ತಿನ ವಿಷಯದ ಅರ್ಧ ಭಾಗ.

ಅಣ್ಣ ಇದನ್ನು ಮತದಾನ ಅಂದುಕೊಂಡಿದ್ದ. ಹಾಕಿದ ದುಡ್ಡಿನಷ್ಟು ಮತ ಅಂತಾದರೆ 60 ಯಾವಾಗಲೂ ಗೆಲ್ಲುತ್ತೆ. ತಮ್ಮ 40 ಹಾಕಲಿ, 49 ಹಾಕಲಿ, ಅವನ ಮತಕ್ಕೆ ಕವಡೆ ಕಿಮ್ಮತ್ತಿಲ್ಲ. ಆದರೆ ಅಂಗಡಿಯಲ್ಲಿ ಮತ ನಡೆಯಲ್ಲ. 60 ಕೊಟ್ಟರೆ ಗೇಮಿನ 60 ಭಾಗ ಬರಲ್ಲ, ಏನೂ ಬರಲ್ಲ. ಕೊಳ್ಳಬೇಕಾದರೆ ಇಬ್ಬರೂ ಹೂಂ ಅನ್ನಲೇಬೇಕು. ಹಾಗಾಗಿ ಕೊಳ್ಳುವ ಮಟ್ಟಿಗೆ ಇಬ್ಬರ ಬಲವೂ ಸಮ. ಅಣ್ಣನದು 95, ತಮ್ಮನದು 5 ಇದ್ದಿದ್ದರೂ ಅಷ್ಟೇ! ನನಗಂತೂ ಇದು ಮಜಾ ಅನಿಸುತ್ತೆ, ಮನೆಯಲ್ಲಿ ದೊಡ್ಡವರಾಗಿ ಹುಟ್ಟಿದವರಿಗೆ ಅನಿಸಲಿಕ್ಕಿಲ್ಲ.

ಒಂದು ತಿರುವಿದೆ. ಅಣ್ಣ ಹೇಳಬಹುದು: "ನೀನಿಲ್ಲದಿದ್ರೆ ಏನಂತೆ, ಇನ್ನೆರಡು ತಿಂಗಳು ಕಾದು ನಾನೊಬ್ಬನೇ ಕೂಡಿಸ್ತೀನಿ." ಅವನು ನಿಜವಾಗಲೂ ಕಾಯಬಲ್ಲ ಅಂತಾದರೆ ತಮ್ಮನ ಬಲ ಅಷ್ಟರಮಟ್ಟಿಗೆ ಇಳಿಯುತ್ತೆ. ಅಂದರೆ ಮಾತು ಮುರಿದುಬಿದ್ದರೆ ಯಾರ ಕೈಯಲ್ಲಿ ಏನು ಉಳಿಯುತ್ತೆ ಅನ್ನೋದರ ಮೇಲೆ ಚೌಕಾಸಿ ನಿಂತಿದೆ.

ಇದನ್ನು ಲೆಕ್ಕಕ್ಕೆ ತಂದವನು ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್. 1950ರಲ್ಲಿ ಚೌಕಾಸಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಆಗ ಅವನಿಗೆ 21 ವರ್ಷ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಆ ಪ್ರಬಂಧದಲ್ಲಿರುವ ಉದಾಹರಣೆ ದೊಡ್ಡ ಕಂಪನಿಗಳದ್ದಲ್ಲ. ಬಿಲ್, ಜ್ಯಾಕ್ ಅಂತ ಇಬ್ಬರು. ಬಿಲ್ ಹತ್ತಿರ ಪುಸ್ತಕ, ಚಾವಟಿ, ಚೆಂಡು, ಬ್ಯಾಟು, ಪೆಟ್ಟಿಗೆ. ಜ್ಯಾಕ್ ಹತ್ತಿರ ಪೆನ್ನು, ಆಟಿಕೆ, ಚಾಕು, ಟೋಪಿ. ಚಾವಟಿ ಯಾಕಪ್ಪಾ ಅಂತ ಕೇಳಬೇಡಿ. ದುಡ್ಡಿಲ್ಲ, ಬರೀ ವಿನಿಮಯ. ಯಾವ ವಸ್ತು ಯಾರಿಗೆ ಎಷ್ಟು ಉಪಯೋಗ ಅನ್ನೋದಕ್ಕೆ ನ್ಯಾಶ್ ಅಂಕಿ ಕೊಟ್ಟಿದ್ದಾನೆ.

[ಪರದೆ ಮೇಲೆ: ಪೆನ್ನು – ಬಿಲ್‌ಗೆ 10, ಜ್ಯಾಕ್‌ಗೆ 1]

ಪೆನ್ನನ್ನೇ ನೋಡಿ. ಅದು ಇರೋದು ಜ್ಯಾಕ್ ಹತ್ತಿರ, ಆದರೆ ಅವನಿಗೆ ಅದರ ಬೆಲೆ 1. ಬಿಲ್‌ಗೆ ಅದೇ ಪೆನ್ನು 10. ಪೆನ್ನು ಕೈ ಬದಲಾಯಿಸಿದರೆ ಸಾಕು, ಗಾಳಿಯಿಂದ 9 ಉದುರಿದ ಹಾಗೆ. ಕೊನೆಗೆ ಬಿಲ್ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಉಳಿದದ್ದೆಲ್ಲ ಕೊಡುತ್ತಾನೆ, ಜ್ಯಾಕ್ ಟೋಪಿಯೊಂದನ್ನು ಇಟ್ಟುಕೊಂಡು ಉಳಿದದ್ದೆಲ್ಲ ಕೊಡುತ್ತಾನೆ. ಬಿಲ್‌ಗೆ 12 ಲಾಭ, ಜ್ಯಾಕ್‌ಗೆ 5. ನ್ಯಾಶ್ ಹುಡುಕಿದ್ದು ಎರಡೂ ಲಾಭಗಳ ಗುಣಾಕಾರ ಎಲ್ಲಿ ಅತಿ ಹೆಚ್ಚು ಅಂತ. ಗುಣಾಕಾರ ಯಾಕೆ? ಕೂಡಿದರೆ ಒಬ್ಬನಿಗೆ ಪೂರ್ತಿ, ಇನ್ನೊಬ್ಬನಿಗೆ ಸೊನ್ನೆ ಅಂದರೂ ಮೊತ್ತ ದೊಡ್ಡದಾಗಿ ಕಾಣಬಹುದು. ಗುಣಿಸಿದರೆ ಒಬ್ಬನ ಸೊನ್ನೆ ಇಡೀ ಲೆಕ್ಕವನ್ನೇ ಸೊನ್ನೆ ಮಾಡುತ್ತೆ.

ಸರಿ, ನಮ್ಮ ಹುಡುಗರ ಹತ್ತಿರ ಚಾವಟಿ, ಪೆಟ್ಟಿಗೆ ಇಲ್ಲ. ಇರೋದು ಒಂದೇ ಗೇಮ್, ಅದನ್ನು ಸೀಳೋಕಾಗಲ್ಲ. ತಮ್ಮ ಟಾಸ್ ಹಾಕೋಣ ಅಂದ. ಅಣ್ಣ ಬೇಡ ಅಂದು ಎರಡು ಚೀಟಿ ಹರಿದ.

"ನಿನ್ನ ಗೇಮ್ ಬಿಟ್ಟು ನನ್ನದು ಬಂತು ಅಂದ್ರೆ ನಿನಗೆಷ್ಟು ನಷ್ಟ? ದುಡ್ಡಲ್ಲಿ ಬರಿ. ನನಗೆ ತೋರಿಸಬೇಡ. ನಾನೂ ಬರೀತೀನಿ."

ಹಂಚೋಕೆ ಬಾರದ ವಸ್ತುವಿಗೆ ಪೋಲೆಂಡಿನ ಗಣಿತಜ್ಞ ಬ್ರೊನಿಸ್ಲಾವ್ ಕ್ನಾಸ್ಟರ್ ಹೇಳಿದ ದಾರಿ ಹೀಗೇ ಇದೆ. ಇವರಿಬ್ಬರೂ ಹಾಕಿದ ದುಡ್ಡನ್ನು ಮರೆತು, ಆಯ್ಕೆಯ ಹಕ್ಕು ಅರ್ಧರ್ಧ ಅಂತ ಒಪ್ಪಿಕೊಂಡರು. ಚೀಟಿ ಬಿಚ್ಚಿದರು. ಅಣ್ಣನದು 30, ತಮ್ಮನದು 18.

[ಪರದೆ ಮೇಲೆ: ಅಣ್ಣ 30, ತಮ್ಮ 18]

ಜಾಸ್ತಿ ಬರೆದವನ ಗೇಮ್ ಬರುತ್ತೆ, ಅಣ್ಣ ಗೆದ್ದ. ಆದರೆ ಪುಕ್ಕಟೆ ಅಲ್ಲ. ಹಕ್ಕು ಅರ್ಧ, ಸಿಕ್ಕಿದ್ದು ಪೂರ್ತಿ. ಹಾಗಾಗಿ ಜಾಸ್ತಿ ಸಿಕ್ಕ ಅರ್ಧ, ಅಂದರೆ 15, ಮಧ್ಯಕ್ಕೆ ಇಡಬೇಕು. ತಮ್ಮ ತನ್ನ 18ರ ಅರ್ಧ, 9 ಎತ್ತಿಕೊಳ್ಳುತ್ತಾನೆ. ಇನ್ನೂ 6 ಮಿಕ್ಕಿತಲ್ಲ, ಅದು 3-3 ಹಂಚಿಕೆ. ಒಟ್ಟಿನಲ್ಲಿ ಅಣ್ಣ ತಮ್ಮನಿಗೆ ಕೊಡಬೇಕಾದದ್ದು 12.

ಟಾಸ್ ಹಾಕಿದ್ದರೆ? ಅಣ್ಣನಿಗೆ ಸರಾಸರಿ 15 ಸಿಗುತ್ತಿತ್ತು, ಈಗ 30ರಲ್ಲಿ 12 ಕೊಟ್ಟು 18 ಉಳಿಯಿತು. ತಮ್ಮನಿಗೆ ಸರಾಸರಿ 9, ಈಗ 12. ಇಬ್ಬರಿಗೂ ಟಾಸ್‌ಗಿಂತ 3 ಜಾಸ್ತಿ. ಚೀಟಿಯಲ್ಲಿ ಬರೆದದ್ದು ನಿಜವಾಗಿದ್ದರೆ ಮಾತ್ರ!

ತಮ್ಮನ ತಲೆಯಲ್ಲಿ ಮಾರನೇ ದಿನವೇ ಬೇರೆ ಲೆಕ್ಕ ಓಡಿತು. "ಅಣ್ಣ, ನಾನು 28 ಬರೆದಿದ್ರೆ?" ಬರೆದಿದ್ದರೆ ಅಣ್ಣ 15 ಇಟ್ಟು, ಇವನು 14 ಎತ್ತಿ, ಮಿಕ್ಕ 1ರಲ್ಲಿ ಅರ್ಧ ಸೇರಿ 14.5 ಬರುತ್ತಿತ್ತು. ಸುಳ್ಳಿಗೆ ಎರಡೂವರೆ ಲಾಭ. ಆದರೆ ಅಣ್ಣನ ಚೀಟಿಯಲ್ಲಿ 30 ಇದೆ ಅಂತ ಮೊದಲೇ ಗೊತ್ತಿರಬೇಕಲ್ಲ. ಆಸೆಗೆ ಬಿದ್ದು 32 ಬರೆದಿದ್ದರೆ ಫುಟ್‌ಬಾಲ್ ಗೇಮೇ ಬರುತ್ತಿತ್ತು, ಆದರೆ ಕೊಡುವ ಸರದಿ ಇವನದು: 16 ಇಡಬೇಕು, ಅಣ್ಣ 15 ಎತ್ತುತ್ತಾನೆ, ಮಿಕ್ಕ 1 ಅರ್ಧರ್ಧ. ಇವನ ಕೈಯಿಂದ ಹೋಗೋದು 15.5. ಗೇಮ್ ಇವನಿಗೆ ನಿಜವಾಗಿ ಕೊಡೋದು 18 ತಾನೇ? ಉಳಿದದ್ದು ಬರೀ 2.5. ನಿಜ ಬರೆದಿದ್ದಕ್ಕೆ 12 ಸಿಕ್ಕಿತ್ತು. ಹಾಗಾಗಿ ಚೀಟಿ ಗುಟ್ಟಾಗಿರಬೇಕು, ಇಬ್ಬರೂ ಒಟ್ಟಿಗೇ ಬಿಚ್ಚಬೇಕು. ಅಣ್ಣತಮ್ಮಂದಿರಿಗೆ ಒಬ್ಬರ ಹುಚ್ಚು ಒಬ್ಬರಿಗೆ ಗೊತ್ತಿರುತ್ತೆ, ಅಲ್ಲೇ ಈ ವಿಧಾನ ಸೊರಗೋದು.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಬೇಗ. ಗೇಮ್ ಡಿಜಿಟಲ್ ಆಗಿದ್ದರೆ ಯಾರ ಅಕೌಂಟಲ್ಲಿ ಕೊಂಡಿದ್ದೀರೋ ಅದಕ್ಕೇ ಅಂಟಿಕೊಳ್ಳುತ್ತೆ, ಸಾಮಾನ್ಯವಾಗಿ ಆಮೇಲೆ ಮಾರೋಕೂ ಆಗಲ್ಲ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಬಂದ ದುಡ್ಡನ್ನು 60-40 ಹಂಚಬೇಕಾ ಅಂತ ಮೊದಲೇ ಮಾತಾಡಿಕೊಳ್ಳಿ. ಸೇವ್ ಫೈಲ್ ಬೇರೆ ಬೇರೆ ಇರಲಿ, ಒಬ್ಬ ಇನ್ನೊಬ್ಬನದನ್ನು ಅಳಿಸಿದರೆ ಯಾವ ಸೂತ್ರವೂ ಕೆಲಸಕ್ಕೆ ಬರಲ್ಲ.

ಇನ್ನು ಆ 12ರ ವಿಷಯ. ಡಬ್ಬಿ ಖಾಲಿ, ಅಣ್ಣನ ಜೇಬೂ ಖಾಲಿ. ಮೂರು ವಾರ, ವಾರಕ್ಕೆ 4 ಅಂತ ಮಾತಾಯಿತು.

"ನನ್ನ ಮೇಲೆ ನಂಬಿಕೆ ಇಲ್ವೇನೋ?"

"ಇದೆ ಅಣ್ಣ. ದುಡ್ಡು ಪೂರ್ತಿ ಬರೋವರೆಗೂ ಕಂಟ್ರೋಲರ್ ನನ್ನ ಹತ್ರ ಇರ್ಲಿ."