ಹಸಿರು ರಸ, ಕೆಂಪು ರಕ್ತ
(ರಬಕವಿ-ಬನಹಟ್ಟಿಯಲ್ಲಿ ನೇಕಾರ ಮಹಿಳೆಯರ ಸಂಘದ ಸಭೆಯಲ್ಲಿ ಆಡಿದ ಮಾತು)

ತಾಯಂದಿರೇ, ಅಕ್ಕತಂಗಿಯರೇ, ಎಲ್ಲರಿಗೂ ನಮಸ್ಕಾರ.

ಕಳೆದ ವರ್ಷ ನಿಮ್ಮೂರಿನವರೇ ಒಬ್ಬ ಅಕ್ಕನವರು ನನ್ನ ಹತ್ತಿರ ಬಂದಿದ್ದರು. ಮೂವತ್ತೆಂಟು ವಯಸ್ಸು, ಮಗ್ಗದ ಮುಂದೆ ಕೂತರೆ ಸಂಜೆಯವರೆಗೆ ಏಳುವವರಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಉಗುರೆಲ್ಲ ಬಿಳಿ. ಹಿಮೋಗ್ಲೋಬಿನ್ 8.4 ಇತ್ತು. ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದೆ. ಒಂದೂವರೆ ತಿಂಗಳ ಮೇಲೆ ತಿರುಗಿ ಬಂದಾಗ 8.1 ಆಗಿತ್ತು. ಕೇಳಿದರೆ, "ಗುಳಿಗಿ ಬಿಟ್ಟೇನ್ರಿ, ಹೊಟ್ಯಾಗ ಕಲಿಸಿದಂಗ ಆಗ್ತಿತ್ತು. ಗೋಧಿ ಹುಲ್ಲಿನ ರಸ ಕುಡ್ಯಾಕತ್ತೀನಿ" ಅಂದರು.

ರಸ ಕುಡಿದರೆ ಹೊಟ್ಟೆ ಹೇಗಿರುತ್ತದೆ ಎಂದು ಕೇಳಿದೆ. "ಅದರಾಗೂ ಓಕರಿಕಿ ಬರ್ತೈತ್ರಿ. ಆದ್ರ ಅದು ಮೈಯಾಗಿನ ವಿಷ ಹೊರಗ ಹೊಂಟಿದ್ದಂತ" ಅಂದರು. ಗುಳಿಗೆಯಿಂದ ಬಂದ ಓಕರಿಕೆ ಔಷಧದ ದೋಷವಾಯಿತು, ರಸದಿಂದ ಬಂದ ಓಕರಿಕೆ ಅದರ ಗುಣವಾಯಿತು. ಈ ಒಂದು ನಂಬಿಕೆಯಿಂದ ಅವರ ರಕ್ತ ಒಂದೂವರೆ ತಿಂಗಳು ಹಿಂದೆ ಬಿತ್ತು. ಅದಕ್ಕೇ ಇವತ್ತು ಈ ವಿಷಯ ಎತ್ತಿಕೊಂಡಿದ್ದೇನೆ.

ಗೋಧಿ ಹುಲ್ಲನ್ನು "ಹಸಿರು ರಕ್ತ" ಎಂದು ಮಾರುತ್ತಾರೆ. ಇದಕ್ಕೆ ಒಂದು ಆಧಾರ ತೋರಿಸುತ್ತಾರೆ. ಎಲೆಯ ಹಸಿರು ಪತ್ರಹರಿತ್ತು ಮತ್ತು ನಮ್ಮ ರಕ್ತದ ಕೆಂಪು ಹೀಮ್, ಎರಡರ ರಚನೆಯಲ್ಲೂ ಒಂದೇ ತರಹದ ಉಂಗುರವಿದೆ. ಅದು ನಿಜ. ಆದರೆ ಎಲೆಯ ಉಂಗುರದ ನಡುವೆ ಇರುವುದು ಮೆಗ್ನೀಸಿಯಂ, ನಮ್ಮದರ ನಡುವೆ ಇರುವುದು ಕಬ್ಬಿಣ. ಹಸಿರು ಹೊಟ್ಟೆಗೆ ಹೋದಾಗ ಮೆಗ್ನೀಸಿಯಂ ತೆಗೆದು ಕಬ್ಬಿಣ ಕೂರಿಸುವ ಕೆಲಸವನ್ನು ದೇಹ ಮಾಡುವುದಿಲ್ಲ. ಎಲುವಿನ ಮಜ್ಜೆ ತನಗೆ ಬೇಕಾದ ಉಂಗುರವನ್ನು ತಾನೇ ಮೊದಲಿನಿಂದ ಕಟ್ಟಿಕೊಳ್ಳುತ್ತದೆ. ಅದಕ್ಕೆ ಹೊರಗಿನಿಂದ ಬೇಕಾದದ್ದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಈ ಬಿ12 ಹುಲ್ಲಿನಲ್ಲಿ ಇಲ್ಲ.

ಈಗ ನೂಲಿನ ಲೆಕ್ಕದ ಹಾಗೆ ಕಬ್ಬಿಣದ ಲೆಕ್ಕ ಮಾಡೋಣ. ನಿಮ್ಮ ಮೈಯಲ್ಲಿ ಸುಮಾರು ನಾಲ್ಕು ಲೀಟರ್ ರಕ್ತವಿದೆ ಎಂದುಕೊಳ್ಳಿ. ಹಿಮೋಗ್ಲೋಬಿನ್ 1 ಗ್ರಾಂ ಏರಬೇಕಾದರೆ ಆ ರಕ್ತಕ್ಕೆ ಸುಮಾರು 135 ಮಿಲಿಗ್ರಾಂ ಕಬ್ಬಿಣ ಸೇರಬೇಕು. ಸರ್ಕಾರಿ ಗುಳಿಗೆ ಒಂದರಲ್ಲಿ 60 ಮಿಲಿಗ್ರಾಂ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಒಳಗೆ ಹೀರಿಕೊಂಡರೂ ದಿನಕ್ಕೆ 6, ತಿಂಗಳಿಗೆ 180. ಲೆಕ್ಕ ಕೂಡುತ್ತದೆ. ಇನ್ನು ಔನ್ಸ್ ಲೋಟದ ರಸ, ಅಂದರೆ 30 ಮಿಲಿ. ಅದರಲ್ಲಿ ಪೂರ್ತಿ 1 ಮಿಲಿಗ್ರಾಂ ಕಬ್ಬಿಣವಿದೆ ಎಂದು ಉದಾರವಾಗಿ ಒಪ್ಪಿಕೊಂಡರೂ ತಿಂಗಳಿಗೆ ಮೈಗೆ ಹತ್ತುವುದು 3 ಮಿಲಿಗ್ರಾಂ. ಮುಟ್ಟಿನಲ್ಲಿ ಹೋಗುವ ರಕ್ತದ ಕಬ್ಬಿಣವನ್ನೂ ಅದು ತುಂಬಿಕೊಡಲಾರದು.

"ಹಂಗಾರ ನಮ್ಮ ಓಣ್ಯಾಗ ಒಬ್ಬಾಕಿಗೆ ಹತ್ತು ದಿನದಾಗ 9.2 ಇದ್ದದ್ದು 9.7 ಆತಲ್ರಿ?" ಎಂದು ನೀವು ಕೇಳಬಹುದು. ಬೆರಳು ಚುಚ್ಚಿ ನೋಡಿದ ಲೆಕ್ಕಕ್ಕೂ ನರದಿಂದ ತೆಗೆದ ರಕ್ತದ ಲೆಕ್ಕಕ್ಕೂ ಅರ್ಧ ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದಿದ್ದರೂ ರಕ್ತ ಗಟ್ಟಿಯಾಗಿ ಸಂಖ್ಯೆ ಏರಿದಂತೆ ಕಾಣುತ್ತದೆ. ಅದಕ್ಕೇ ಒಂದೇ ಲ್ಯಾಬಿನಲ್ಲಿ, ಒಂದೇ ರೀತಿಯಲ್ಲಿ, ತಿಂಗಳು ಬಿಟ್ಟು ನೋಡಿಸಿ. ಔಷಧ ಹತ್ತಿದ್ದರೆ ತಿಂಗಳಿಗೆ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಕಾರಣ ಬೇರೆ ಎಲ್ಲೋ ಇದೆ.

ಚಂಡೀಗಢದ ಪಿಜಿಐ ಆಸ್ಪತ್ರೆಯ ಅಧ್ಯಯನದ ಹೆಸರು ಹೇಳುವವರೂ ಇದ್ದಾರೆ. ಅದು 2004ರಲ್ಲಿ ಪ್ರಕಟವಾಯಿತು. ಥಲಸೀಮಿಯಾ ಎಂಬ, ಹುಟ್ಟಿನಿಂದಲೇ ಬಂದು ಮೇಲಿಂದ ಮೇಲೆ ರಕ್ತ ಏರಿಸಬೇಕಾಗುವ ಕಾಯಿಲೆ ಇರುವ ಮಕ್ಕಳಿಗೆ ದಿನಕ್ಕೆ 100 ಮಿಲಿ ರಸ ಕೊಟ್ಟು ನೋಡಿದ್ದರು. ಲೆಕ್ಕಕ್ಕೆ ಸಿಕ್ಕ 16 ಜನರಲ್ಲಿ 8 ಜನರಿಗೆ ರಕ್ತ ಏರಿಸುವ ಅಗತ್ಯ ಕಾಲುಭಾಗ ಅಥವಾ ಅದಕ್ಕಿಂತ ಹೆಚ್ಚು ಇಳಿದಿತ್ತು. ಆಸಕ್ತಿಯ ಸಂಗತಿ, ಅಲ್ಲಗಳೆಯುವುದಿಲ್ಲ. ಆದರೆ ಗುಂಪು ತೀರ ಸಣ್ಣದು. ಮುಂದೆ ಗೋಧಿ ಹುಲ್ಲಿನ ಗುಳಿಗೆ ಕೊಟ್ಟು ಮಾಡಿದ ಇನ್ನೊಂದು ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಥಲಸೀಮಿಯಾ ಮಕ್ಕಳ ಮೈಯಲ್ಲಿ ಕಬ್ಬಿಣ ಅತಿಯಾಗಿ ತುಂಬಿರುತ್ತದೆ, ನಿಮ್ಮಲ್ಲಿ ಖಾಲಿಯಾಗಿರುತ್ತದೆ. ಅವರ ಫಲಿತಾಂಶ ತಂದು ನಿಮಗೆ ಹಚ್ಚಲು ಬರುವುದಿಲ್ಲ.

ರೋಗನಿರೋಧಕ ಶಕ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಸ ಕುಡಿದವರಿಗೆ ನೆಗಡಿ, ಜ್ವರ ಕಡಿಮೆ ಬರುತ್ತದೆ ಎನ್ನುವುದಕ್ಕೆ ನಂಬುವಂಥ ಪುರಾವೆ ಇಲ್ಲ. ನನ್ನನ್ನು ಹೆದರಿಸುವುದು ಬೇರೆ. ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳುವವರಿಗೆ ಬಿಳಿ ರಕ್ತಕಣ ಇಳಿದಿರುತ್ತವೆ. ಶಕ್ತಿ ಬರಲೆಂದು ಮನೆಯವರು ಅವರಿಗೇ ಈ ರಸ ಕುಡಿಸುತ್ತಾರೆ. ಹಸಿ ರಸ ಹೆಚ್ಚು ಅಪಾಯ ಮಾಡುವುದೂ ಅವರಿಗೇ.

ಯಾಕೆಂದರೆ ಹುಲ್ಲು ಬೆಳೆಯುವ ಟ್ರೇ ಏಳೆಂಟು ದಿನ ಸದಾ ತೇವವಾಗಿ, ಬೆಚ್ಚಗೆ ಇರುತ್ತದೆ. ಬುಡದಲ್ಲಿ ಬಿಳಿ ನೂಲಿನಂಥ ಬೂಜು ನೀವೇ ನೋಡಿರುತ್ತೀರಿ. ಮಣ್ಣಿಗೆ ಸಗಣಿ ಗೊಬ್ಬರ ಹಾಕಿದ್ದರೆ ಅದರ ಸೂಕ್ಷ್ಮಜೀವಿಗಳೂ ಇರುತ್ತವೆ. ತೊಳೆದರೆ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಪಲ್ಯ ಕುದಿಸಿ ತಿನ್ನುತ್ತೇವೆ, ಈ ರಸವನ್ನು ಕುದಿಸುವುದಿಲ್ಲ. ಬಸುರಿಯರು, ಕಿಮೋದಲ್ಲಿ ಇರುವವರು, ಚಿಕ್ಕ ಮಕ್ಕಳು ಇದನ್ನು ಮುಟ್ಟದಿರುವುದೇ ಒಳ್ಳೆಯದು. ರಕ್ತ ತೆಳು ಮಾಡುವ ವಾರ್ಫರಿನ್ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಹಸಿರಿನಲ್ಲಿರುವ ವಿಟಮಿನ್ ಕೆ ಆ ಗುಳಿಗೆಗೆ ಎದುರಾಗಿ ಕೆಲಸ ಮಾಡುತ್ತದೆ.

ಓಕರಿಕೆಗೆ ವಿಷದ ಕಥೆ ಬೇಕಿಲ್ಲ. ಹಸಿ ಹುಲ್ಲಿನ ಗಾಟು ವಾಸನೆ, ಖಾಲಿ ಹೊಟ್ಟೆ, ಒಮ್ಮೆಲೇ ಗಟಗಟ ಕುಡಿಯುವುದು, ಇಷ್ಟೇ ಸಾಕು. ಇಂಥದ್ದು ಬಹಳ ಜನರಿಗೆ ಆಗುತ್ತದೆ, ಕುಡಿಯುವುದು ಬಿಟ್ಟರೆ ಬೇಗ ಇಳಿಯುತ್ತದೆ. ಆದರೆ ಕೆಲವು ತಾಸಿನ ಮೇಲೆ, ಇಲ್ಲವೆ ಮರುದಿನ, ಹೊಟ್ಟೆ ನುಲಿದು ಭೇದಿ ಆದರೆ, ಜ್ವರ ಬಂದರೆ, ಅದು ಸೋಂಕು. ಆಗ "ಹೊರಗ ಹೋಗಲಿ" ಎಂದು ಮತ್ತೆ ರಸ ಕುಡಿಯಬೇಡಿ, ದವಾಖಾನೆಗೆ ಹೋಗಿ.

ಆ ಅಕ್ಕನವರಿಗೆ ಗುಳಿಗೆಯನ್ನು ಊಟದ ನಂತರಕ್ಕೆ ಬದಲಿಸಿದೆವು, ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟದ ಮೇಲೆ ತೆಗೆದುಕೊಂಡರೆ ಹೀರುವುದು ಸ್ವಲ್ಪ ಕಡಿಮೆ, ಆದರೆ ಹೊಟ್ಟೆ ತಡೆದುಕೊಳ್ಳುತ್ತದೆ. ಜೊತೆಗೆ ನಿಂಬೆಹಣ್ಣು ಹಿಂಡಿದ ನೀರು, ಚಹಾ ಮಾತ್ರ ಎರಡು ತಾಸು ದೂರ. ತಿಂಗಳಿಗೆ 9.5 ಆಯಿತು. ಮುಟ್ಟು ಹೆಚ್ಚು ಹೋಗುತ್ತಿತ್ತು ಎಂದು ಆಮೇಲೆ ಹೇಳಿದರು. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ ಸಿಕ್ಕಿತು. ರಸವನ್ನೇ ನಂಬಿ ಇನ್ನಾರು ತಿಂಗಳು ಕಳೆದಿದ್ದರೆ ಅದು ಅಲ್ಲೇ ಬೆಳೆಯುತ್ತಿತ್ತು.

ಕೊನೆಗೆ ಕಾಳಿನ ಮಾತು. ರುಚಿಗೆಂದು ರಸ ಕುಡಿಯುವವರು ತಿನ್ನುವ ಗೋಧಿಯನ್ನೇ ಬಿತ್ತಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಹಲವು ಸಲ ಗುಲಾಬಿ ಬಣ್ಣ ಕಾಣುತ್ತದೆ. ಹೊಲಕ್ಕೆಂದು ತಂದ ಚೀಲದಿಂದ ಉಳಿದ ಬೀಜ ಟ್ರೇಗೆ ಹಾಕಲೇಬಾರದು. ಮನೆಯಲ್ಲಿ ಜೋಳ ಇದೆಯಲ್ಲ, ಅದನ್ನೇ ಮೊಳೆಸಿದರೆ ಆಯಿತು ಎಂದು ಹೋದ ವಾರ ಒಬ್ಬರು ಕೇಳಿದರು. ಎಳೆ ಜೋಳ ಮೇಯ್ದ ದನ ಹೊಟ್ಟೆ ಉಬ್ಬಿ, ನಡುಗಿ ಬಿದ್ದು ಸತ್ತದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಎಳೆ ಜೋಳದ ಗಿಡದಲ್ಲಿ ಸೈನೈಡ್ ಬಿಡುವ ಅಂಶವಿದೆ. ಗೋಧಿಯ ಬದಲು ಜೋಳದ ಹುಲ್ಲಿನ ರಸ ಯಾರೂ ಮಾಡಬೇಡಿ.