ಕೆಂಪು ಕುರ್ಚಿ ಯಾಕೆ ನೀಲಿಯಾಗಲಿಲ್ಲ?

ಎಲ್ಲರಿಗೂ ನಮಸ್ಕಾರ. ಒಂದು ಫೋಟೊದಿಂದಲೇ ಶುರು ಮಾಡುತ್ತೇನೆ. ಕಿಟಕಿಯ ಪಕ್ಕ ಒಂದು ಕೆಂಪು ಮರದ ಕುರ್ಚಿ ಇದೆ. ನನಗೆ ಬೇಕಾದದ್ದು ಅದೇ ಕುರ್ಚಿ, ಅದೇ ಕಿಟಕಿ, ಆದರೆ ಬಣ್ಣ ಮಾತ್ರ ನೀಲಿ. ಒಂದು ಚಿತ್ರದಿಂದ ಇನ್ನೊಂದು ಚಿತ್ರ ಮಾಡಿಕೊಡುವ ಎಐ ಸೌಲಭ್ಯವಾದ ಇಮೇಜ್-ಟು-ಇಮೇಜ್‌ಗೆ ಫೋಟೊ ಕೊಟ್ಟು, 'ನೀಲಿ ಕುರ್ಚಿ' ಅಂತ ಪ್ರಾಂಪ್ಟ್ ಬರೆದು, ಡಿನಾಯ್ಸಿಂಗ್ ಸ್ಟ್ರೆಂತ್ ಅನ್ನುವ, 0ರಿಂದ 1ರವರೆಗಿನ ಸ್ಲೈಡರನ್ನು 0.4ಕ್ಕೆ ಇಟ್ಟೆ. ಮರದ ಗೆರೆಗಳು ಬದಲಾದವು, ಕುರ್ಚಿ ಕೆಂಪಾಗಿಯೇ ಉಳಿಯಿತು. 0.6ಕ್ಕೆ ಏರಿಸಿದೆ: ಕಂದು-ನೇರಳೆಯ ಯಾವುದೋ ಬಣ್ಣ. 0.8ಕ್ಕೆ ಕುರ್ಚಿ ನೀಲಿಯಾಯಿತು. ಆದರೆ ಅದು ಬೇರೆಯೇ ಕುರ್ಚಿ. ಕಿಟಕಿಯೂ ಜಾಗ ಬದಲಿಸಿತ್ತು.

ಈ ಸ್ಲೈಡರ್ ಅಂದರೆ ಹಳೆಯದು ಇಷ್ಟು, ಹೊಸದು ಇಷ್ಟು ಎಂದು ಬೆರೆಸುವ ಅಳತೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅದು ಹಾಗಲ್ಲ. ಒಳಗೆ ನಡೆಯುವುದು ಇಷ್ಟು: ನಿಮ್ಮ ಚಿತ್ರದ ಮೇಲೆ ಒಂದು ಪ್ರಮಾಣದ ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಸುರಿದು, ನಾಯ್ಸನ್ನು ಸ್ಟೆಪ್ ಸ್ಟೆಪ್ಪಾಗಿ ತೆಗೆದು ಚಿತ್ರ ಮಾಡುವ ಡಿಫ್ಯೂಷನ್‌ನ ನಡುದಾರಿಯಲ್ಲಿ ಅದನ್ನು ಬಿಡುತ್ತಾರೆ. ಅಲ್ಲಿಂದ ಮುಂದಕ್ಕೆ ಮಾಡೆಲ್ ನಾಯ್ಸ್ ತೆಗೆಯುತ್ತಾ ಹೋಗುತ್ತದೆ. ಎಲ್ಲಿಂದ ಹೊರಡಬೇಕು ಅನ್ನುವುದನ್ನಷ್ಟೇ ಸ್ಟ್ರೆಂತ್ ಹೇಳುತ್ತದೆ. ಇಂಥ ಮಾಡೆಲ್‌ಗಳನ್ನು ಓಡಿಸುವ ಡಿಫ್ಯೂಸರ್ಸ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಇದು ಎರಡೇ ಸಾಲು:

```python
init_timestep = min(int(num_inference_steps * strength), num_inference_steps)
t_start = max(num_inference_steps - init_timestep, 0)
```

ಅಂದರೆ 50 ಸ್ಟೆಪ್, 0.6 ಸ್ಟ್ರೆಂತ್ ಕೊಟ್ಟರೆ ಮೊದಲ 20 ಸ್ಟೆಪ್ ಬಿಟ್ಟು ಕೊನೆಯ 30 ಮಾತ್ರ ಓಡುತ್ತವೆ. ಇಲ್ಲೊಂದು ತಮಾಷೆ ಇದೆ. ಸ್ಟೆಪ್ 20 ಇದ್ದಾಗ 0.30 ಕೊಟ್ಟರೂ ಆರೇ ಸ್ಟೆಪ್, 0.34 ಕೊಟ್ಟರೂ ಆರೇ. ನಾಯ್ಸ್ ಹೇಗೆ ಬೀಳಬೇಕೆಂದು ನಿರ್ಧರಿಸುವ ಸೀಡ್ ಸಂಖ್ಯೆ ಒಂದೇ ಆಗಿದ್ದರೆ ಎರಡೂ ಒಂದೇ ಚಿತ್ರ. ಆ ಎರಡರ ನಡುವೆ ಸೂಕ್ಷ್ಮ ವ್ಯತ್ಯಾಸ ಕಂಡೆ ಅನ್ನುವವರ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ.

ಈಗ ಮುಖ್ಯ ಪ್ರಶ್ನೆ: ಸುರಿದ ನಾಯ್ಸ್ ಚಿತ್ರದಲ್ಲಿ ಏನನ್ನು ಅಳಿಸುತ್ತದೆ? ಎಲ್ಲವನ್ನೂ ಒಂದೇ ಸಮನಾಗಿ ಅಲ್ಲ. ಜಡಿಮಳೆಯಲ್ಲಿ ದೂರದ ಮರವನ್ನು ನೋಡಿ. ಮೊದಲು ಎಲೆಗಳು ಕಾಣದಾಗುತ್ತವೆ, ಆಮೇಲೆ ಕೊಂಬೆಗಳು. ಮರದ ಆಕಾರ ಕೊನೆಯವರೆಗೂ ಇರುತ್ತದೆ. ಫೋಟೊದಲ್ಲೂ ಹೀಗೆಯೇ. ದೊಡ್ಡ ಆಕಾರ, ಹರಡಿಕೊಂಡ ಬಣ್ಣ, ಬೆಳಕು-ನೆರಳುಗಳಲ್ಲಿ ಶಕ್ತಿ ಜಾಸ್ತಿ; ಸಣ್ಣ ಗೆರೆ, ನೇಯ್ಗೆ, ಕೂದಲಿನಲ್ಲಿ ಕಮ್ಮಿ. ನಾಯ್ಸ್ ಮಾತ್ರ ಎಲ್ಲ ಅಳತೆಗಳಲ್ಲೂ ಸಮನಾಗಿ ಬೀಳುತ್ತದೆ. ಹಾಗಾಗಿ ಸಣ್ಣದು ಮೊದಲು ಮುಳುಗುತ್ತದೆ, ದೊಡ್ಡದು ಕೊನೆಗೆ.

ಸ್ಟೇಬಲ್ ಡಿಫ್ಯೂಷನ್ 1.5 ಮಾಡೆಲ್‌ನ ನಾಯ್ಸ್ ಶೆಡ್ಯೂಲ್‌ನಲ್ಲಿ, ಅಂದರೆ ಯಾವ ಹಂತದಲ್ಲಿ ಎಷ್ಟು ನಾಯ್ಸ್ ಎಂಬ ಲೆಕ್ಕದಲ್ಲಿ, ಸ್ಟ್ರೆಂತ್ 0.5 ಇಟ್ಟರೆ ಚಿತ್ರ ಸುಮಾರು 0.53ರಷ್ಟಕ್ಕೆ ಕುಗ್ಗಿ, ನಾಯ್ಸ್ 0.85ರಷ್ಟು ಸೇರಿರುತ್ತದೆ. 0.75ಕ್ಕೆ ಬಂದರೆ ಚಿತ್ರ 0.24, ನಾಯ್ಸ್ 0.97. ಆಗಲೂ ಕೆಂಪಿನ ದೊಡ್ಡ ಮಚ್ಚೆ ಮಸುಕಾಗಿ ಉಳಿದಿರುತ್ತದೆ, ಮಾಡೆಲ್‌ಗೆ ಅದು ಸಿಗುತ್ತದೆ. ಕುರ್ಚಿಯ ಕಾಲು, ಬೆನ್ನಿನ ಪಟ್ಟಿಗಳು ಅಷ್ಟರಲ್ಲಿ ಹೋಗಿಬಿಟ್ಟಿರುತ್ತವೆ. ನಾನು ಉಳಿಸಬೇಕು ಅಂದುಕೊಂಡದ್ದು ಮೊದಲೇ ಅಳಿಯುವ ಜಾತಿಯದು, ಬದಲಿಸಬೇಕು ಅಂದುಕೊಂಡದ್ದು ಕೊನೆಗೆ ಅಳಿಯುವ ಜಾತಿಯದು. ಸ್ಲೈಡರನ್ನು ಎಲ್ಲಿ ನಿಲ್ಲಿಸಿದರೂ ಈ ಕೆಲಸ ಆಗುವಂತಿರಲಿಲ್ಲ.

ಹಾಗಾದರೆ ದಾರಿ? ಬಣ್ಣವನ್ನು ನಾವೇ ಬದಲಿಸಿ ಕೊಡುವುದು. ಯಾವುದಾದರೂ ಪೇಂಟ್ ತಂತ್ರಾಂಶದಲ್ಲಿ ಕುರ್ಚಿಯ ಮೇಲೆ ನೀಲಿಯನ್ನು ಒರಟಾಗಿ ಬಳಿದೆ. ಅಂಚು ಮೀರಿದರೂ ಚಿಂತೆಯಿಲ್ಲ, ಅಡಿಯ ಬೆಳಕು-ನೆರಳು ಕಾಣುವಂತೆ ತೆಳುವಾಗಿರಲಿ ಅಷ್ಟೆ. ಆಮೇಲೆ 0.45. ಬ್ರಷ್ಷಿನ ಗುರುತು ಸಣ್ಣದಲ್ಲವೇ, ಅದು ನಾಯ್ಸ್‌ನಲ್ಲಿ ಮುಳುಗುತ್ತದೆ. ಆ ಜಾಗಕ್ಕೆ ಮಾಡೆಲ್ ನಿಜವಾದ ಮರದ ಮೇಲ್ಮೈ ತರುತ್ತದೆ. ನೀಲಿ ದೊಡ್ಡದು, ಉಳಿಯುತ್ತದೆ. 2021ರ ಎಸ್‌ಡಿಎಡಿಟ್ ಪ್ರಬಂಧ ತೋರಿಸಿದ್ದೂ ಇದನ್ನೇ. ಒರಟು ಬಣ್ಣದ ಗೀಚುಗಳಿಗೆ ನಾಯ್ಸ್ ಸೇರಿಸಿ ನೈಜ ಚಿತ್ರ ಮಾಡುವ ಆ ಪ್ರಯೋಗದಲ್ಲಿ 0.3ರಿಂದ 0.6ರ ನಡುವೆ ಒಳ್ಳೆಯ ಫಲ ಬಂತು.

ಈ ಅಂಕಿಗಳನ್ನು ಬೇರೆ ಮಾಡೆಲ್‌ಗೆ ಹಾಗೆಯೇ ಒಯ್ಯಬೇಡಿ. ಫ್ಲಕ್ಸ್‌ನಂಥವುಗಳಲ್ಲಿ ಶೆಡ್ಯೂಲ್ ಬೇರೆ, ಅದೇ 0.5ಕ್ಕೆ ಬೀಳುವ ನಾಯ್ಸ್ ಬೇರೆ. ಹೊಸ ಮಾಡೆಲ್ ಕೈಗೆ ಬಂದಾಗ ನಾನು ಸೀಡನ್ನು ಕಟ್ಟಿಹಾಕಿ, 0.3ರಿಂದ 0.8ರವರೆಗೆ ಒಂದೊಂದು ಚಿತ್ರ ತೆಗೆದು ಸಾಲಾಗಿ ಇಟ್ಟು ನೋಡುತ್ತೇನೆ. ಹಳೆಯ ಆಕಾರಕ್ಕೆ ಹೊಸ ಮೇಲ್ಮೈ ಅಂಟಿಸಿದಂತೆ ಕಂಡರೆ ಸ್ಟ್ರೆಂತ್ ಕಮ್ಮಿ. ಕುರ್ಚಿಯ ಕೈ ಕಿಟಕಿಯ ಚೌಕಟ್ಟಿನೊಳಗೆ ಕರಗಿದಂತೆ ಕಂಡರೆ, ಹಳೆಯ ಚಿತ್ರಕ್ಕೂ ಪ್ರಾಂಪ್ಟ್‌ಗೂ ಜಗಳ ನಡೆಯುವ ಜಾಗಕ್ಕೆ ಬಂದಿದ್ದೀರಿ. ಅಲ್ಲಿ ಸ್ಲೈಡರ್ ಎಳೆದಾಡುವುದಕ್ಕಿಂತ ಫೋಟೊವನ್ನೇ ತಿದ್ದುವುದು ಲೇಸು. ಸ್ಟ್ರೆಂತ್ ಎಷ್ಟೇ ಇಳಿಸಿದರೂ ದೂರದ ಮುಖಗಳು, ಸಣ್ಣ ಅಕ್ಷರಗಳು ಕೆಡುತ್ತಿದ್ದರೆ ತಪ್ಪು ಬೇರೆ ಕಡೆ ಇದೆ: ಚಿತ್ರ ಎನ್‌ಕೋಡರ್ ಮೂಲಕ ಅಗಲಕ್ಕೂ ಎತ್ತರಕ್ಕೂ ಎಂಟರಲ್ಲಿ ಒಂದಾಗಿ ಕುಗ್ಗಿ ಹೊರಬರುವಾಗಲೇ ಅವು ಕೆಟ್ಟಿರುತ್ತವೆ.

ನನ್ನ ಕುರ್ಚಿ ಕೊನೆಗೂ ನೀಲಿಯಾಯಿತು, ಕಿಟಕಿ ಅಲ್ಲೇ ಇತ್ತು. ಆದರೆ ನುಣುಪು ನೆಲದಲ್ಲಿ ಕುರ್ಚಿಯ ಪ್ರತಿಬಿಂಬ ಮಾತ್ರ ಕೆಂಪಾಗಿಯೇ ಕೂತಿತ್ತು. ಅಲ್ಲಿಗೆ ನೀಲಿ ಬಳಿಯಲು ಮರೆತಿದ್ದೆ.