ಯೆಲ್ಲೋ ಫೀವರ್ ಕಾರ್ಡಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ತಪ್ಪಾಗಿದೆಯಾ? ನೀವೇ ತಿದ್ದಬೇಡಿ

[ದೃಶ್ಯ: ಮೇಜಿನ ಮೇಲೆ ಹಳದಿ ಕಾರ್ಡ್, ಪಕ್ಕದಲ್ಲಿ ತೆರೆದಿಟ್ಟ ಪಾಸ್‌ಪೋರ್ಟ್]

ನಮಸ್ಕಾರ. ನನ್ನ ಅಕ್ಕನ ಮಗನಿಗೆ ಉಗಾಂಡದ ಕಂಪಾಲಾದಲ್ಲಿ ಕೆಲಸ ಸಿಕ್ಕಿತು. ಮಾರ್ಚ್ 25ಕ್ಕೆ ವಿಮಾನ. ಅಲ್ಲಿಗೆ ಹೋಗುವವರ ಕೈಯಲ್ಲಿ ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಇರಲೇಬೇಕು. ಅವನು ಮಾರ್ಚ್ 4ಕ್ಕೇ ಲಸಿಕೆ ಹಾಕಿಸಿಕೊಂಡಿದ್ದ. 18ರ ರಾತ್ರಿ ಬ್ಯಾಗ್ ಜೋಡಿಸುವಾಗ ನೋಡಿದರೆ, ಪಾಸ್‌ಪೋರ್ಟ್ ನಂಬರಿನಲ್ಲಿ 1 ಇರಬೇಕಾದ ಕಡೆ 7 ಬರೆದಿದ್ದಾರೆ.

"ಮಾಮ, ಒಂದು ಗೀಟು ತಾನೇ, ಪೆನ್ನಲ್ಲಿ ಸರಿ ಮಾಡಿಬಿಡ್ಲಾ?" ಎಂದು ಫೋನ್ ಮಾಡಿದ. ಬೇಡವೇ ಬೇಡ ಎಂದೆ.

[ದೃಶ್ಯ: ಕಾರ್ಡಿನಲ್ಲಿ ಅಚ್ಚಾಗಿರುವ ಸೂಚನೆ, ಹತ್ತಿರದಿಂದ]

ಯಾಕೆಂದರೆ ಕಾರ್ಡಿನ ಮೇಲೆಯೇ ಒಂದು ಸೂಚನೆ ಅಚ್ಚಾಗಿರುತ್ತದೆ. ಏನನ್ನಾದರೂ ತಿದ್ದಿದರೆ, ಅಳಿಸಿದರೆ ಅಥವಾ ಯಾವುದಾದರೂ ಭಾಗವನ್ನು ಖಾಲಿ ಬಿಟ್ಟರೆ ಕಾರ್ಡ್ ಅಸಿಂಧು ಆಗಬಹುದು ಅಂತ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲೇ ಇರುವ ಮಾತು. ನಂಬರ್ ತಪ್ಪಾಗಿದ್ದರೆ ಅದು ಬರೆದವರ ತಪ್ಪು ಎಂದು ವಿವರಿಸಬಹುದು. ನೀವೇ ತಿದ್ದಿದ ನಂಬರ್ ಕಂಡರೆ ಕಾರ್ಡನ್ನೇ ಅನುಮಾನಿಸುತ್ತಾರೆ. ವಾಪಸ್ ಬರುವಾಗಲೂ ಇದು ಕಾಡಬಹುದು. ಯೆಲ್ಲೋ ಫೀವರ್ ಇರುವ ದೇಶದಿಂದ ಸರಿಯಾದ ಕಾರ್ಡ್ ಇಲ್ಲದೆ ಬಂದವರನ್ನು ಭಾರತದಲ್ಲಿ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ.

ಕೋವಿಡ್ ಸರ್ಟಿಫಿಕೇಟಿಗೆ ಕೋವಿನ್‌ನಲ್ಲಿ ಲಾಗಿನ್ ಆಗಿ ನಾವೇ ಪಾಸ್‌ಪೋರ್ಟ್ ನಂಬರ್ ಸೇರಿಸಿದ್ದು ನೆನಪಿದೆ ಅಲ್ವಾ? ಈ ಕಾರ್ಡಿಗೆ ಹಾಗೆ ಮಾಡೋಕೆ ಆಗಲ್ಲ. ಇದು ಕೈಬರಹ, ಸಹಿ, ಮುದ್ರೆ ಇರುವ ಕಾಗದ. ಲಸಿಕೆ ಕೊಟ್ಟ ಕೇಂದ್ರದ ಮುದ್ರೆಯೇ ಅದರ ಮೇಲಿರಬೇಕು. ನೀವು ಯಾವತ್ತು ಹಾಕಿಸಿಕೊಂಡಿರಿ, ಯಾವ ಬ್ಯಾಚಿನ ಲಸಿಕೆ ಎನ್ನುವ ದಾಖಲೆಯೂ ಅವರ ಹತ್ತಿರವೇ ಇರುತ್ತದೆ. ಅದಕ್ಕೇ, ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟ್‌ನಲ್ಲಿ ಹಾಕಿಸಿಕೊಂಡವರು ಅಲ್ಲಿಗೇ ಹೋಗಬೇಕು. ಬೇರೆ ಊರಿನ ಕೇಂದ್ರದಲ್ಲಿ ಹಾಕಿಸಿಕೊಂಡಿದ್ದರೆ ಆ ಊರಿಗೇ.

[ದೃಶ್ಯ: ಫೈಲಿಗೆ ಕಾಗದಗಳನ್ನು ಜೋಡಿಸುವ ಕೈಗಳು]

ನಮ್ಮ ಹುಡುಗ ಮರುದಿನ ಬೆಳಗ್ಗೆ ಹೋದ. ಅಸಲು ಪಾಸ್‌ಪೋರ್ಟ್, ಅದರ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್, ತಪ್ಪಿರುವ ಕಾರ್ಡ್, ಲಸಿಕೆಗೆ ದುಡ್ಡು ಕಟ್ಟಿದ ರಸೀದಿ, ಜೊತೆಗೆ ನಾಲ್ಕು ಸಾಲಿನ ಒಂದು ಅರ್ಜಿ. ತಿದ್ದಿ ಮುದ್ರೆ ಹಾಕುವುದು ಬೇಡ, ಹೊಸ ಕಾರ್ಡೇ ಬರೆದುಕೊಡಿ ಎಂದು ಕೇಳು ಎಂದಿದ್ದೆ. ಕೊಟ್ಟರು.

ಆದರೆ ಅಲ್ಲೇ ಇನ್ನೊಂದು ಎಡವಟ್ಟು ಆಯಿತು. ಹೊಸ ಕಾರ್ಡಲ್ಲಿ ಲಸಿಕೆಯ ತಾರೀಖು ಎಂದು ಆವತ್ತಿನ ತಾರೀಖು ಬರೆದುಬಿಟ್ಟರು, ಮಾರ್ಚ್ 19. ಸಣ್ಣದು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಈ ಕಾರ್ಡ್ ಚಾಲ್ತಿಗೆ ಬರುವುದು ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆ. 4ನೇ ತಾರೀಖಿನ ಲೆಕ್ಕದಲ್ಲಿ ಅದು 14ಕ್ಕೇ ಚಾಲ್ತಿಗೆ ಬಂದಾಗಿತ್ತು. 19 ಎಂದಿದ್ದರೆ 29ರವರೆಗೆ ಕಾಯಬೇಕು. ವಿಮಾನ 25ಕ್ಕೆ! ಅವನು ಕೌಂಟರಿನಲ್ಲೇ ಓದಿ ನೋಡಿದ್ದರಿಂದ ಬಚಾವಾದ. ಇನ್ನೊಂದು ಕಾರ್ಡ್ ಬರೆಸಿಕೊಂಡ. ಹೊಸ ಕಾರ್ಡಲ್ಲಿ ಹಳೆಯ ಲಸಿಕೆಯ ತಾರೀಖು, ಅದೇ ಬ್ಯಾಚ್ ನಂಬರ್ ಇರಬೇಕು. ಮತ್ತೆ ಲಸಿಕೆ ಬೇಕಿಲ್ಲ. 2016ರ ಜುಲೈ 11ರಿಂದ ಈ ಲಸಿಕೆಯ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ.

[ದೃಶ್ಯ: ಪಾಸ್‌ಪೋರ್ಟಿನ ಹೆಸರಿನ ಸಾಲುಗಳು]

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ತಾಪತ್ರಯ ಜಾಸ್ತಿ. ಆಧಾರ್‌ನಲ್ಲಿ ಎಚ್.ಆರ್. ಮಂಜುನಾಥ್ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಹೊಸಹಳ್ಳಿ ರಾಮಪ್ಪ ಮಂಜುನಾಥ್ ಎಂದಾಗಿರುತ್ತದೆ. ಕೌಂಟರಿನಲ್ಲಿ ಆಧಾರ್ ತೋರಿಸಿದರೆ ಅಥವಾ ಬಾಯಲ್ಲಿ ಹೇಳಿದರೆ ಚಿಕ್ಕ ಹೆಸರೇ ಕಾರ್ಡಿಗೆ ಬರುತ್ತದೆ. ಪಾಸ್‌ಪೋರ್ಟನ್ನೇ ಮುಂದಿಟ್ಟು, ಅದರಲ್ಲಿ ಇರುವಷ್ಟನ್ನೂ ಹಾಗೇ ಬರೆಸಿಕೊಳ್ಳಿ. ಇನ್ನು, ಕೊನೆಯ ಪುಟದಲ್ಲಿ ಫೈಲ್ ನಂಬರ್ ಎಂದು ಒಂದು ಉದ್ದನೆಯ ನಂಬರ್ ಇರುತ್ತದೆ. ಅದು ಪಾಸ್‌ಪೋರ್ಟ್ ನಂಬರ್ ಅಲ್ಲ.

ಪಾಸ್‌ಪೋರ್ಟ್ ರಿನ್ಯೂ ಮಾಡಿಸಿ ನಂಬರ್ ಬದಲಾಗಿದ್ದರೆ? ಕಾರ್ಡ್ ತಪ್ಪಾಗಿಲ್ಲ, ಹಳೆಯದಾಗಿದೆ ಅಷ್ಟೇ. ಹೊಸ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆಯಿರಿ. ಅಲ್ಲಿ ಹಳೆಯ ಪಾಸ್‌ಪೋರ್ಟಿನ ನಂಬರ್ ಅಚ್ಚಾಗಿರುತ್ತದೆ. ಎರಡೂ ನಂಬರ್ ಒಬ್ಬರದೇ ಎನ್ನಲು ಅದೇ ಪುರಾವೆ. ಕೇಂದ್ರ ಹತ್ತಿರದಲ್ಲಿದ್ದು ಟೈಮ್ ಇದ್ದರೆ ಹೊಸ ನಂಬರಿನ ಕಾರ್ಡ್ ಕೇಳಿ. ಇಲ್ಲದಿದ್ದರೆ ರದ್ದಾದ ಹಳೆಯ ಪಾಸ್‌ಪೋರ್ಟನ್ನೂ ಜೊತೆಗಿಟ್ಟುಕೊಳ್ಳಿ, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ, ಕೈಚೀಲದಲ್ಲಿ.